ಎಫ್‌ಡಿ ಬಾಂಡಿನಲ್ಲಿ 9,85,151 ಅಂತಿದೆ. ಅಷ್ಟು ಕೈಗೆ ಬರುತ್ತಾ? ಈಗಲೇ ಮುರಿಸಿದರೆ ಎಷ್ಟು?

ಹಿನ್ನೀರಿನ ಮನೆ (ಹೊಸನಗರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

2024ರ ಏಪ್ರಿಲ್ 2ರಂದು ಅಡಿಕೆ ಮಾರಿದ ದುಡ್ಡಿನಲ್ಲಿ 8 ಲಕ್ಷ ಎಫ್‌ಡಿ ಇಟ್ಟೆವು. ಮೂರು ವರ್ಷ, 7%, ಬಡ್ಡಿ ಅದರಲ್ಲೇ ಸೇರುತ್ತಾ ಹೋಗುವ ಥರದ್ದು. ನನ್ನ ಹೆಸರು, ನಮ್ಮನೆಯವರ ಹೆಸರು ಎರಡೂ ಇದೆ. ಬಾಂಡಿನಲ್ಲಿ ಮೆಚ್ಯೂರಿಟಿ ಮೊತ್ತ 9,85,151 ಅಂತ ಅಚ್ಚಾಗಿದೆ.

ಮೊನ್ನೆ, 2025ರ ಅಕ್ಟೋಬರ್ 2ಕ್ಕೆ, ಹದಿನೆಂಟು ತಿಂಗಳು ತುಂಬಿತು. ಈ ಮಳೆಗಾಲದಲ್ಲಿ ಅಡಿಕೆ ಒಣಗಿಸುವ ಅಟ್ಟದ ಮಾಡು ಹಾಳಾಯಿತು. ಸುಲಿಯುವ ಮಷೀನೂ ತೆಗೆದುಕೊಳ್ಳಬೇಕು. ಎಲ್ಲ ಸೇರಿ 3 ಲಕ್ಷ ಬೇಕು. ಕೊಯ್ಲು ಮುಗಿದು ಅಡಿಕೆ ಮಾರಿ ದುಡ್ಡು ಬರುವಾಗ ಫೆಬ್ರವರಿ ಕೊನೆ ಆಗುತ್ತದೆ. ಹಾಗಾಗಿ ಎಫ್‌ಡಿ ಮುರಿಸೋಣ ಅಂದುಕೊಂಡಿದ್ದೇವೆ.

ಮೊಬೈಲಿನಲ್ಲಿ ಎಫ್‌ಡಿ ನೋಡಿದರೆ ಮಾರ್ಚ್ ಕೊನೆಯಲ್ಲಿ ಬಡ್ಡಿಯ ಮೇಲಿನ ತೆರಿಗೆಗೆ 5,700 ಚಿಲ್ಲರೆ ಟಿಡಿಎಸ್ ಅಂತ ತೆಗೆದಿದ್ದಾರೆ. ತೆರಿಗೆ ಬೀಳುವಷ್ಟು ಆದಾಯ ಇಲ್ಲ, ಟಿಡಿಎಸ್ ಹಿಡಿಯಬೇಡಿ ಅಂತ ನಾನು 15ಜಿ ಫಾರ್ಮ್ ಕೊಟ್ಟಿದ್ದೆ. ಕೊಟ್ಟ ಮೇಲೂ ಯಾಕೆ ತೆಗೆದರು?

ಇನ್ನೊಂದು. ಮಗಳ ಮದುವೆ ಸಮಯದಲ್ಲಿ ಬೇರೊಂದು ಬ್ಯಾಂಕಿನ ಎಫ್‌ಡಿ ಮುರಿಸಿದಾಗ ನಾವು ಅಂದುಕೊಂಡಿದ್ದಕ್ಕಿಂತ ತುಂಬಾ ಕಡಿಮೆ ಬಂದಿತ್ತು. ಕೇಳಿದರೆ "ರೂಲ್ಸ್ ಪ್ರಕಾರ" ಅಂದರು, ಅಷ್ಟೇ. ಈ ಸಲ ಮೊದಲೇ ತಿಳಿದುಕೊಂಡು ಹೋಗಬೇಕು. ಈ ಬಾಂಡನ್ನು ಓದೋದು ಹೇಗೆ ಅಂತ ಗೊತ್ತಿದ್ದವರು ಹೇಳಿ.

ಗೊರಬಲು ಅಂಗಳ (ತೀರ್ಥಹಳ್ಳಿ)

ಅಕ್ಕ, ಇದು ಸುಲಭ. ಮುರಿಸಿದರೆ 1% ದಂಡ. ನಿಮ್ಮದು 7%, ಒಂದು ಕಳೆದರೆ 6%. ಹದಿನೆಂಟು ತಿಂಗಳಿಗೆ 6% ಲೆಕ್ಕ ಹಾಕಿಕೊಳ್ಳಿ, ಅಷ್ಟು ಬರುತ್ತೆ.

ಟಿಡಿಎಸ್ ವಿಚಾರಕ್ಕೆ ಬಂದರೆ, 50 ಸಾವಿರದವರೆಗೆ ಏನೂ ಇಲ್ಲ. ಅದಕ್ಕಿಂತ ಮೇಲಿನ ಬಡ್ಡಿಗೆ ಮಾತ್ರ 10%. ನಿಮಗೆ ವರ್ಷದ ಬಡ್ಡಿ 57 ಸಾವಿರ ಇದ್ದರೆ 7 ಸಾವಿರಕ್ಕೆ 700 ತೆಗೆಯಬೇಕಿತ್ತು. 5,700 ತೆಗೆದಿದ್ದಾರೆ ಅಂದರೆ ಬ್ಯಾಂಕಿನವರದ್ದೇ ತಪ್ಪು. ಹೋಗಿ ಜೋರಾಗಿ ಕೇಳಿ.

ಸಾಗರ ಪೇಟೆ

ಮೆಚ್ಯೂರಿಟಿ ಆದಮೇಲೆ ಸುಮ್ನೆ ಬಿಡಬೇಡಿ. ನಮ್ಮ ಅತ್ತೆಯವರದ್ದು ಎರಡು ವರ್ಷ ಹಾಗೇ ಬಿದ್ದಿತ್ತು. ತಾನೇ ರಿನ್ಯೂ ಆಗಲಿ ಅಂತ ಬರೆದುಕೊಟ್ಟಿರಲಿಲ್ಲ. ಕೊನೆಗೆ ಆ ಎರಡು ವರ್ಷಕ್ಕೆ ಎಸ್‌ಬಿ ಖಾತೆಯ ಬಡ್ಡಿ ಮಾತ್ರ ಕೊಟ್ಟರು. ಬಾಂಡಿನಲ್ಲಿ ರಿನ್ಯೂವಲ್ ಅಂತ ಒಂದು ಜಾಗ ಇರುತ್ತೆ, ಅದನ್ನು ನೋಡಿ.

ಹಿನ್ನೀರಿನ ಮನೆ (ಹೊಸನಗರ)

ಸಾಗರ ಪೇಟೆಯವರೇ, ನಮ್ಮದು ಮೆಚ್ಯೂರಿಟಿಗೆ ಇನ್ನೂ ಒಂದೂವರೆ ವರ್ಷ ಇದೆ. ಆದರೂ ನೋಡಿದೆ, ರಿನ್ಯೂವಲ್ ಜಾಗದಲ್ಲಿ "ಹೌದು" ಅಂತಿದೆ. ಥ್ಯಾಂಕ್ಸ್.

ಮೂರನೇ ಕೌಂಟರ್ (ಶಿವಮೊಗ್ಗ)

ನಾನು ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಡಿಪಾಜಿಟ್ ಸೆಕ್ಷನ್ನಿನಲ್ಲೇ ಜಾಸ್ತಿ ವರ್ಷ ಕೂತಿದ್ದೆ. ತಂಗಿ, ನಿಮ್ಮ ಪ್ರಶ್ನೆ ಸರಿಯಾಗಿದೆ. ಆದರೆ ಉತ್ತರ ಪೂರ್ತಿ ಬಾಂಡಿನಲ್ಲಿ ಸಿಗುವುದಿಲ್ಲ. ತೊಂದರೆ ಶುರುವಾಗೋದು ಅಲ್ಲಿಂದಲೇ.

ಮೊದಲು 9,85,151 ಎಲ್ಲಿಂದ ಬಂತು ನೋಡೋಣ. ಬ್ಯಾಂಕು ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿಸುತ್ತದೆ. 7ನ್ನು ನಾಲ್ಕು ಭಾಗ ಮಾಡಿದರೆ ಒಂದು ತ್ರೈಮಾಸಿಕಕ್ಕೆ 1.75%. ಮೂರು ವರ್ಷಕ್ಕೆ ಹನ್ನೆರಡು ಸಲ.

```
800000 × (1 + 0.07/4)^12 = 985151
```

ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ನೀವೇ ಹಾಕಿ ನೋಡಬಹುದು. ಬಾಂಡಿನ ಲೆಕ್ಕ ಸರಿಯಾಗಿದೆ. ಆದರೆ ಅದು ನಿಜವಾಗಬೇಕಾದರೆ ಎರಡು ಆಗಬಾರದು. ಮಧ್ಯದಲ್ಲಿ ಮುರಿಸಬಾರದು. ಠೇವಣಿಯೊಳಗಿಂದ ಟಿಡಿಎಸ್ ತೆಗೆಯಬಾರದು. ನಿಮ್ಮ ವಿಷಯದಲ್ಲಿ ಎರಡನೆಯದು ಆಗಲೇ ಆಗಿಬಿಟ್ಟಿದೆ.

ಟಿಡಿಎಸ್ ಮೆಚ್ಯೂರಿಟಿ ದಿನ ಹಿಡಿಯುತ್ತಾರೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಬಡ್ಡಿ ನಿಮ್ಮ ಕೈಗೆ ಬರದಿದ್ದರೂ, ಆ ವರ್ಷ ನಿಮ್ಮ ಲೆಕ್ಕಕ್ಕೆ ಬಿದ್ದ ಬಡ್ಡಿಯ ಮೇಲೆ ಆಯಾ ವರ್ಷವೇ ಹಿಡಿಯಬೇಕು. ಕೆಲವು ಬ್ಯಾಂಕು ಅದನ್ನು ಎಸ್‌ಬಿ ಖಾತೆಯಿಂದ ತೆಗೆಯುತ್ತವೆ. ಕೆಲವು ಠೇವಣಿಯಿಂದಲೇ ತೆಗೆಯುತ್ತವೆ. ನಿಮ್ಮದು ಠೇವಣಿಯಿಂದ ಹೋಗಿದೆ. ಹಾಗೆ ಹೋದಾಗ ಆ ದುಡ್ಡಿಗೆ ಮುಂದೆ ಬಡ್ಡಿಯೂ ಹುಟ್ಟುವುದಿಲ್ಲ.

ಮೂರೂ ವರ್ಷ ಹೀಗೇ ತೆಗೆದರೆ ಕೊನೆಗೆ ನಿಮಗೆ ಸಿಗುವುದು 9,65,470ರ ಆಸುಪಾಸು. ಬಾಂಡಿಗಿಂತ 19,680 ಕಡಿಮೆ. ಅದರಲ್ಲಿ ತೆರಿಗೆಯಾಗಿ ಹೋಗಿದ್ದು 18,390ರಷ್ಟು. ಉಳಿದ 1,300 ಹತ್ತಿರದ್ದು ಆ ತೆರಿಗೆ ದುಡ್ಡು ಠೇವಣಿಯಲ್ಲಿ ಉಳಿದಿದ್ದರೆ ಬರುತ್ತಿದ್ದ ಬಡ್ಡಿ. ತೆರಿಗೆಯನ್ನು ವಾಪಸ್ ಕೇಳಬಹುದು. ಈ 1,300 ಮಾತ್ರ ಯಾರೂ ಕೊಡುವುದಿಲ್ಲ.

ಗೊರಬಲು ಅವರೇ, ಮಿತಿಯ ಬಗ್ಗೆ ನೀವು ಹೇಳಿದ್ದು ಅರ್ಧ ಸರಿ. 60 ವರ್ಷದೊಳಗಿನವರಿಗೆ 50 ಸಾವಿರದ ಮಿತಿ ಬಂದಿದ್ದು 2025ರ ಏಪ್ರಿಲ್ 1ರಿಂದ. ಇವರ ಮೊದಲ ವರ್ಷಕ್ಕೆ ಮಿತಿ 40 ಸಾವಿರವೇ ಇತ್ತು. ಮಿತಿ ದಾಟಿದರೆ ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಇಡೀ ಬಡ್ಡಿಗೆ 10%. 57 ಸಾವಿರಕ್ಕೆ 5,700. ಬ್ಯಾಂಕು ಹಿಡಿದಿದ್ದು ಸರಿಯಾದ ಲೆಕ್ಕವೇ. ಪ್ಯಾನ್ ಕೊಟ್ಟಿರದಿದ್ದರೆ 20% ಹೋಗುತ್ತಿತ್ತು.

ತಂಗಿ, 15ಜಿ ವಿಷಯಕ್ಕೆ ಬರುವ ಮೊದಲು ಒಂದು ಕೇಳುತ್ತೇನೆ. ಬಾಂಡಿನಲ್ಲಿ ಮೊದಲ ಹೆಸರು ಯಾರದ್ದು?

ಹಿನ್ನೀರಿನ ಮನೆ (ಹೊಸನಗರ)

ಸರ್, ಈಗ ಬಾಂಡ್ ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮೊದಲು ನಮ್ಮನೆಯವರ ಹೆಸರು, ಆಮೇಲೆ ನನ್ನದು. ಕೆಳಗೆ "ಇಬ್ಬರಲ್ಲಿ ಒಬ್ಬರು ಅಥವಾ ಬದುಕುಳಿದವರು" ಅಂತಿದೆ. ಬ್ಯಾಂಕಿನ ಕೆಲಸ ಎಲ್ಲ ನಾನೇ ನೋಡಿಕೊಳ್ಳೋದು. ಹಾಗಾಗಿ 15ಜಿ ನನ್ನ ಪ್ಯಾನ್ ಹಾಕಿ ನಾನೇ ಸಹಿ ಮಾಡಿ ಕೊಟ್ಟಿದ್ದೆ.

ಮೂರನೇ ಕೌಂಟರ್ (ಶಿವಮೊಗ್ಗ)

ಹಾಗಾದರೆ ಅಲ್ಲೇ ತಪ್ಪಿದೆ. ಜಂಟಿ ಠೇವಣಿಯಲ್ಲಿ ಬಡ್ಡಿಯೂ ಟಿಡಿಎಸ್ಸೂ ಮೊದಲ ಹೆಸರಿನವರ ಪ್ಯಾನ್‌ಗೆ ಹೋಗುತ್ತವೆ. ನಿಮ್ಮ ಫಾರ್ಮ್ ನಿಮ್ಮ ಪ್ಯಾನ್‌ನಲ್ಲಿ ಇರುವ ಠೇವಣಿಗಳಿಗೆ ಮಾತ್ರ ಹತ್ತುತ್ತದೆ. ಯಜಮಾನರ ಪ್ಯಾನ್‌ಗೆ ಯಾವ ಫಾರ್ಮೂ ಇರಲಿಲ್ಲ, ಸಿಸ್ಟಮ್ ಹಿಡಿಯಿತು. ಕೌಂಟರಿನಲ್ಲಿ ಫಾರ್ಮ್ ತೆಗೆದುಕೊಂಡವರು ಬಾಂಡಿನ ಮೊದಲ ಹೆಸರು ನೋಡಿ ಒಂದು ಮಾತು ಹೇಳಬೇಕಿತ್ತು. ನಾನೂ ಕೆಲಸದ ಗಡಿಬಿಡಿಯಲ್ಲಿ ಹಾಗೆ ನೋಡದೇ ತೆಗೆದುಕೊಂಡಿದ್ದಿದೆ, ಅದಕ್ಕೆ ಈಗ ಬೇಸರವಾಗುತ್ತದೆ.

ಇನ್ನೊಂದು ಗಮನಿಸಿ. 15ಜಿ ಒಂದು ಹಣಕಾಸು ವರ್ಷಕ್ಕೆ ಮಾತ್ರ. ಏಪ್ರಿಲ್ ಬಂದಾಗ ಮತ್ತೆ ಕೊಡಬೇಕು. ಮೂರು ವರ್ಷದ ಬಾಂಡಿಗೆ ಮೊದಲ ದಿನ ಒಂದೇ ಸಲ ಕೊಟ್ಟು ಮರೆತವರು ಎಷ್ಟು ಜನ ಅಂತ ಲೆಕ್ಕವಿಲ್ಲ. ಬಾಂಡಿನ ಮೇಲೆ ಎಲ್ಲೂ ಇದನ್ನು ನೆನಪಿಸುವ ಸಾಲು ಇರುವುದಿಲ್ಲ.

ಕೊಪ್ಪದ ಮೇಷ್ಟ್ರು

ನಾನು ಎಂಟು ವರ್ಷದಿಂದ ನಮ್ಮೂರಿನ ಸೊಸೈಟಿಯಲ್ಲಿ ಠೇವಣಿ ಇಡುತ್ತಿದ್ದೇನೆ. ಒಂದು ರೂಪಾಯಿ ಟಿಡಿಎಸ್ ಹಿಡಿದಿಲ್ಲ. ಯಾವ ಫಾರ್ಮೂ ಕೇಳಿಲ್ಲ. ಬಾಂಡಿನಲ್ಲಿ ಬರೆದಷ್ಟು ಎಣಿಸಿ ಕೊಟ್ಟಿದ್ದಾರೆ. ಬ್ಯಾಂಕಿಗಿಂತ ಅರ್ಧ ಪರ್ಸೆಂಟ್ ಜಾಸ್ತಿಯೂ ಸಿಗುತ್ತದೆ. ಬ್ಯಾಂಕಿನವರು ಯಾಕೆ ಇಷ್ಟು ಕಷ್ಟ ಕೊಡುತ್ತಾರೋ ನನಗೆ ಅರ್ಥವಾಗುವುದಿಲ್ಲ. ಮುಂದಿನ ಸಲ ಸೊಸೈಟಿಯಲ್ಲಿ ಇಡಿ ಅಂತ ನನ್ನ ಸಲಹೆ.

ಲೆಕ್ಕದ ಪುಸ್ತಕ (ತೀರ್ಥಹಳ್ಳಿ)

ಮೇಷ್ಟ್ರೇ, ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಪ್ರತಿ ವರ್ಷ ಇದೇ ಮಾತು ಕೇಳುತ್ತೇನೆ. ಪ್ರಾಥಮಿಕ ಕೃಷಿ ಪತ್ತಿನ ಸೊಸೈಟಿಯ ಠೇವಣಿಗೆ ಟಿಡಿಎಸ್ ಇಲ್ಲ, ಅದು ನಿಜ. ಆದರೆ ಟಿಡಿಎಸ್ ಇಲ್ಲ ಅಂದರೆ ತೆರಿಗೆ ಇಲ್ಲ ಅಂತ ಅಲ್ಲ. ನಿಮಗೆ ಸಂಬಳ ಇದೆ. ಸೊಸೈಟಿ ಬಡ್ಡಿಯನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ಎಂಟು ವರ್ಷ ತೋರಿಸಿಲ್ಲ ಅಂದರೆ ಯಾರಿಗಾದರೂ ಒಮ್ಮೆ ತೋರಿಸಿ ಕೇಳಿ.

ಮತ್ತೊಂದು ವ್ಯತ್ಯಾಸ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಆ ವಿಮೆ ಸೊಸೈಟಿ ಠೇವಣಿಗೆ ಇಲ್ಲ. ನಿಮ್ಮ ಸೊಸೈಟಿ ಚೆನ್ನಾಗಿ ನಡೆಯುತ್ತಿರಬಹುದು, ಅದರ ಬಗ್ಗೆ ನಾನು ಏನೂ ಹೇಳುತ್ತಿಲ್ಲ.

ಹಿನ್ನೀರಿನ ಮನೆ ಅಕ್ಕ, ನಿಮ್ಮ 5,700 ವಾಪಸ್ ಬರಬಹುದು. ನಿಮ್ಮ ಮನೆಯವರಿಗೆ ತೋಟ ಬಿಟ್ಟು ಬೇರೆ ಆದಾಯ ಏನಿದೆ? ಅಂಗಡಿ, ಬಾಡಿಗೆ, ಬೇರೆ ಬ್ಯಾಂಕಿನ ಬಡ್ಡಿ?

ಹಿನ್ನೀರಿನ ಮನೆ (ಹೊಸನಗರ)

ತೋಟ ಮಾತ್ರ. ಬೇರೆ ಏನೂ ಇಲ್ಲ. ಎಸ್‌ಬಿ ಖಾತೆಯ ಬಡ್ಡಿ ಸಾವಿರ ರೂಪಾಯಿ ಇರಬಹುದು. ಅಡಿಕೆಗೆ ತೆರಿಗೆ ಇಲ್ಲ ಅಲ್ವಾ? ಆ ದುಡ್ಡಿನ ಬಡ್ಡಿಗೆ ಮಾತ್ರ ಯಾಕೆ?

ಲೆಕ್ಕದ ಪುಸ್ತಕ (ತೀರ್ಥಹಳ್ಳಿ)

ಅಡಿಕೆ ಮಾರಿ ಬಂದದ್ದು ಕೃಷಿ ಆದಾಯ. ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟ ಮೇಲೆ ಹುಟ್ಟುವ ಬಡ್ಡಿ ತೋಟದಲ್ಲಿ ಬೆಳೆದದ್ದಲ್ಲ, ಹಾಗಾಗಿ ಅದು ಬೇರೆ ಆದಾಯ. ಆದರೆ ನಿಮ್ಮ ಮನೆಯವರ ಬೇರೆ ಆದಾಯ ಒಟ್ಟು 60 ಸಾವಿರದ ಒಳಗೇ ಇದೆ. ಹೊಸ ಪದ್ಧತಿಯಲ್ಲಿ ಆ ವರ್ಷ 3 ಲಕ್ಷದವರೆಗೆ ತೆರಿಗೆಯೇ ಇರಲಿಲ್ಲ, ಈ ವರ್ಷ 4 ಲಕ್ಷ. ಬೇರೆ ಆದಾಯ ಆ ಮಿತಿ ದಾಟಿದರೆ ಮಾತ್ರ ಕೃಷಿ ಆದಾಯವನ್ನೂ ದರ ಲೆಕ್ಕ ಹಾಕೋಕೆ ಸೇರಿಸಿಕೊಳ್ಳುತ್ತಾರೆ. ನಿಮಗೆ ಆ ಪ್ರಶ್ನೆಯೇ ಬರುವುದಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅವರ ಪ್ಯಾನ್ ಹಾಕಿ ಲಾಗಿನ್ ಆಗಿ, ಅವರ ಹೆಸರಿನಲ್ಲಿ ಹಿಡಿದ ತೆರಿಗೆಯ ಪಟ್ಟಿ 26ಎಎಸ್ ತೆರೆದು ನೋಡಿ. 5,700 ಅಲ್ಲಿ ಕಾಣಬೇಕು. ಕಂಡರೆ ಅವರ ಹೆಸರಿನಲ್ಲಿ ರಿಟರ್ನ್ ಹಾಕಿ, ರೀಫಂಡ್ ಬರುತ್ತದೆ. ಮೊದಲ ಗಡುವು ಕಳೆದ ತಿಂಗಳು ಮುಗಿದಿದೆ. ತಡವಾಗಿ ಹಾಕೋಕೆ 2025ರ ಡಿಸೆಂಬರ್ 31ರವರೆಗೆ ಸಮಯ ಇದೆ. ಆದಾಯ ಮಿತಿಯೊಳಗೆ ಇರುವುದರಿಂದ ತಡವಾದ ಶುಲ್ಕವೂ ಬೀಳುವುದಿಲ್ಲ. ಬ್ಯಾಂಕಿಗೆ ಹೋಗಿ 5,700 ವಾಪಸ್ ಕೊಡಿ ಅಂದರೆ ಅವರ ಕೈಯಲ್ಲಿ ಇಲ್ಲ, ಸರ್ಕಾರಕ್ಕೆ ಕಟ್ಟಿಯಾಗಿದೆ. ಅಲ್ಲಿ ಜಗಳ ಮಾಡಿ ಪ್ರಯೋಜನವಿಲ್ಲ.

ಈ ವರ್ಷಕ್ಕೆ ಯಜಮಾನರ 15ಜಿಯನ್ನು ಈಗಲೇ ಕೊಡಿ. ಅಕ್ಟೋಬರ್‌ನಲ್ಲಿ ಕೊಟ್ಟರೂ ಮುಂದೆ ಹಿಡಿಯೋದು ನಿಲ್ಲುತ್ತದೆ.

ಗೊರಬಲು ಅಂಗಳ (ತೀರ್ಥಹಳ್ಳಿ)

ಮಿತಿ ವಿಷಯದಲ್ಲಿ ನಾನು ತಪ್ಪಿದೆ, ಒಪ್ಪಿದೆ. ನಾನೂ ಎರಡು ಬಾಂಡ್ ಇಟ್ಟಿದ್ದೇನೆ, ಇವತ್ತೇ ನೋಡುತ್ತೇನೆ. ಆದರೆ ಮುರಿಸುವ ಲೆಕ್ಕ 7ರಲ್ಲಿ ಒಂದು ಕಳೆದು 6, ಅದು ಸರಿ ಅಲ್ವಾ ರಾಯ್ರೆ?

ಮೂರನೇ ಕೌಂಟರ್ (ಶಿವಮೊಗ್ಗ)

ಅದೂ ಸರಿಯಲ್ಲ ಮಾರಾಯ್ರೆ. ಜನ ಹೆಚ್ಚು ಕಳೆದುಕೊಳ್ಳೋದು ಇಲ್ಲಿಯೇ. ಅದಕ್ಕೆ ನಿಧಾನವಾಗಿ ಬರೆಯುತ್ತೇನೆ.

7% ಅನ್ನುವುದು ಮೂರು ವರ್ಷ ಇಡುತ್ತೇನೆ ಅಂದಿದ್ದಕ್ಕೆ ಕೊಟ್ಟ ದರ. ಹದಿನೆಂಟು ತಿಂಗಳಿಗೇ ತೆಗೆದರೆ ಬ್ಯಾಂಕು ಆ ಮಾತನ್ನು ಮುರಿದಂತೆ ಲೆಕ್ಕ ಹಾಕುತ್ತದೆ. ನೀವು ಇಟ್ಟ ದಿನ ಹದಿನೆಂಟು ತಿಂಗಳಿಗೆ ಅಂತಲೇ ಇಟ್ಟಿದ್ದರೆ ಯಾವ ದರ ಕೊಡುತ್ತಿದ್ದೆವು ಅಂತ ನೋಡುತ್ತದೆ. ಇವತ್ತಿನ ದರವಲ್ಲ, ಇಟ್ಟ ದಿನದ ದರ. ಅದು 7ಕ್ಕಿಂತ ಜಾಸ್ತಿ ಇದ್ದರೂ 7ನ್ನು ದಾಟುವುದಿಲ್ಲ, ಎರಡರಲ್ಲಿ ಕಡಿಮೆಯದ್ದೇ. ಆಮೇಲೆ ಅದರಿಂದ ದಂಡ ಕಳೆಯುತ್ತದೆ.

ಉದಾಹರಣೆಗೆ 2024ರ ಏಪ್ರಿಲ್ 2ರಂದು ನಿಮ್ಮ ಬ್ಯಾಂಕಿನಲ್ಲಿ ಒಂದರಿಂದ ಎರಡು ವರ್ಷದೊಳಗಿನ ದರ 6.80% ಇತ್ತು ಅಂತ ಇಟ್ಟುಕೊಳ್ಳಿ. ದಂಡ 1% ಅಂದರೆ ಸಿಗುವುದು 5.80%. ಆರು ತ್ರೈಮಾಸಿಕಕ್ಕೆ 8 ಲಕ್ಷ ಬೆಳೆದು 8,72,172 ಆಗುತ್ತದೆ. 7% ಪೂರ್ತಿ ಸಿಕ್ಕಿದ್ದರೆ 8,87,762 ಆಗುತ್ತಿತ್ತು. ವ್ಯತ್ಯಾಸ 15,590 ರೂಪಾಯಿ. ಮಗಳ ಮದುವೆ ಸಮಯದಲ್ಲಿ ನಿಮಗೆ ಕಡಿಮೆ ಬಂದಿದ್ದೂ ಹೀಗೇ ಇರಬೇಕು.

ದಂಡ ಎಷ್ಟು ಅನ್ನುವುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಕೆಲವರು ಸಣ್ಣ ಮೊತ್ತಕ್ಕೆ ಅರ್ಧ, ದೊಡ್ಡದಕ್ಕೆ ಒಂದು ಅಂತ ಇಟ್ಟಿರುತ್ತಾರೆ. ನಿಮಗೆ ಅರ್ಧವೇ ಆದರೆ 8,78,640 ಬರುತ್ತದೆ. ಅಷ್ಟರಿಂದಲೇ ಆರೂವರೆ ಸಾವಿರದ ವ್ಯತ್ಯಾಸ.

ಬಾಂಡಿನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಅವಧಿಗೆ ಮುಂಚೆ ಹಿಂತೆಗೆಯುವುದು ಬ್ಯಾಂಕಿನ ನಿಯಮಕ್ಕೆ ಒಳಪಟ್ಟಿದೆ ಅಂತ ಇರುತ್ತದೆ. ಇಷ್ಟೆಲ್ಲ ಲೆಕ್ಕ ಆ ಒಂದು ಸಾಲಿನೊಳಗೆ ಅಡಗಿದೆ. ಹಾಗಾಗಿ ಬ್ರಾಂಚಿಗೆ ಹೋದಾಗ "ಮುರಿಸಿದರೆ ಎಷ್ಟು ಬರುತ್ತದೆ" ಅಂತ ಮಾತ್ರ ಕೇಳಬೇಡಿ. ನಾವು ಇಟ್ಟ ದಿನದ ಬಡ್ಡಿ ದರದ ಪಟ್ಟಿ ತೋರಿಸಿ, ನಮ್ಮ ಮೊತ್ತಕ್ಕೆ ದಂಡ ಎಷ್ಟು ಹೇಳಿ ಅಂತ ಕೇಳಿ. ಈ ಎರಡು ಸಿಕ್ಕರೆ ಮೊತ್ತ ನೀವೇ ಹಾಕಬಹುದು. ಮುರಿಸದೆಯೇ ಸಿಸ್ಟಮ್‌ನಲ್ಲಿ ಎಷ್ಟು ಬರುತ್ತದೆ ಅಂತ ನೋಡಿ ಹೇಳುವ ಅವಕಾಶವೂ ಅವರಿಗಿದೆ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದು. ನಿಮಗೆ ಬೇಕಿರುವುದು 3 ಲಕ್ಷ, ಅದೂ ಐದು ತಿಂಗಳಿಗೆ. ಅದಕ್ಕೆ 8 ಲಕ್ಷದ ಬಾಂಡ್ ಯಾಕೆ ಮುರಿಸುತ್ತೀರಿ? ಬಾಂಡಿನ ಮೇಲೆ ಸಾಲ ತೆಗೆದುಕೊಳ್ಳಿ. ಸಾಮಾನ್ಯವಾಗಿ ಠೇವಣಿಯ ದರಕ್ಕಿಂತ 1% ಜಾಸ್ತಿ, ನಿಮಗೆ 8%. 3 ಲಕ್ಷಕ್ಕೆ ಐದು ತಿಂಗಳ ಬಡ್ಡಿ 10,000. ಅದೇ ಐದು ತಿಂಗಳು ಆ 3 ಲಕ್ಷ ಬಾಂಡಿನೊಳಗೆ ಕೂತು 7% ಲೆಕ್ಕದಲ್ಲಿ 8,750 ದುಡಿಯುತ್ತದೆ. ಕೈಯಿಂದ ಹೋಗುವುದು ಸುಮಾರು 1,250. ಆ ಕಡೆ 15,590, ಈ ಕಡೆ 1,250.

ಲೆಕ್ಕದ ಪುಸ್ತಕ (ತೀರ್ಥಹಳ್ಳಿ)

ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು 6.50ರಿಂದ 5.50ಕ್ಕೆ ಇಳಿಸಿತು. ಎಫ್‌ಡಿ ದರಗಳೂ ಇಳಿದಿವೆ. ಈಗ ಮುರಿಸಿ, 3 ಲಕ್ಷ ಬಳಸಿ, ಉಳಿದ 5 ಲಕ್ಷ ಚಿಲ್ಲರೆಯನ್ನು ಮತ್ತೆ ಇಟ್ಟರೆ 7% ಸಿಗುವುದು ಕಷ್ಟ. ಆ ನಷ್ಟ 15,590ರಲ್ಲಿ ಸೇರಿಲ್ಲ.

ಗೊರಬಲು ಅಂಗಳ (ತೀರ್ಥಹಳ್ಳಿ)

ಸಾಲ ಅಂದರೆ ನನಗೆ ಹೆದರಿಕೆ. ಈ ಸಲ ಕೊಳೆ ರೋಗದಿಂದ ಎಷ್ಟು ಜನರ ಅಡಿಕೆ ಉದುರಿದೆ. ಫೆಬ್ರವರಿಗೆ ದುಡ್ಡು ಬರದಿದ್ದರೆ? ನನ್ನ ಬ್ಯಾಂಕಿನಲ್ಲಿ ಬಾಂಡಿನ ಒಂದು ಭಾಗ ಮಾತ್ರ ಮುರಿಸಬಹುದು ಅಂತ ಹೇಳಿದ್ದರು. 3 ಲಕ್ಷ ಮಾತ್ರ ತೆಗೆದರೆ ಆಗುವುದಿಲ್ವಾ?

ಮೂರನೇ ಕೌಂಟರ್ (ಶಿವಮೊಗ್ಗ)

ಒಳ್ಳೆಯ ಪ್ರಶ್ನೆ. ಹಾಗೆ ಭಾಗಶಃ ಮುರಿಸಲು ಬಿಡುವ ಬ್ಯಾಂಕುಗಳಿವೆ. ಆಗ ಕಡಿಮೆ ದರ ಆ 3 ಲಕ್ಷಕ್ಕೆ ಮಾತ್ರ. ನಷ್ಟ 5,850ರ ಹತ್ತಿರ ಆಗುತ್ತದೆ. ಉಳಿದ 5 ಲಕ್ಷ 7%ರಲ್ಲೇ ಮುಂದುವರಿಯುತ್ತದೆ. ಎಲ್ಲ ಬ್ಯಾಂಕಿನಲ್ಲೂ, ಎಲ್ಲ ಬಾಂಡಿಗೂ ಇದು ಇಲ್ಲ.

ಸಾಲ ತೀರಿಸಲು ತಡವಾದರೆ ಅಂತ ಕೇಳಿದಿರಿ. ಬಾಂಡ್ ಬ್ಯಾಂಕಿನ ಹತ್ತಿರವೇ ಅಡವಿರುವುದರಿಂದ ಮೆಚ್ಯೂರಿಟಿಯಲ್ಲಿ ಮುರಿದುಕೊಂಡು ಉಳಿದದ್ದು ಕೊಡುತ್ತಾರೆ. ಪೂರ್ತಿ ಒಂದೂವರೆ ವರ್ಷ ಎಳೆದರೂ ಹೆಚ್ಚುವರಿ 1% ಅಂದರೆ 3 ಲಕ್ಷಕ್ಕೆ ಸುಮಾರು 4,500. ಆದರೂ ಸಾಲದ ಬಡ್ಡಿಯನ್ನು ಆಗಾಗ ಕಟ್ಟುತ್ತಿರಬೇಕು, ಬಿಟ್ಟರೆ ಅದಕ್ಕೂ ಬಡ್ಡಿ ಸೇರುತ್ತದೆ. ಸಾಲ ಇದ್ದರೆ ನಿದ್ದೆ ಬರದವರು ಭಾಗ ಮುರಿಸಿದರೆ ತಪ್ಪಿಲ್ಲ. ಅದು ಅವರವರ ಮನಸ್ಸಿಗೆ ಬಿಟ್ಟಿದ್ದು.

ಮುರಿಸುವುದೇ ಆದರೆ ಸಹಿ ವಿಷಯ. "ಇಬ್ಬರಲ್ಲಿ ಒಬ್ಬರು" ಅಂತ ಇದ್ದರೂ ಅದು ಮೆಚ್ಯೂರಿಟಿ ದಿನ ತೆಗೆಯಲು. ಅವಧಿಗೆ ಮುಂಚೆ ಮುರಿಸಲು ಸಾಮಾನ್ಯವಾಗಿ ಇಬ್ಬರ ಸಹಿಯನ್ನೂ ಕೇಳುತ್ತಾರೆ. ಬಾಂಡಿನ ಮೇಲಿನ ಸಾಲಕ್ಕೂ ಹಾಗೇ. ಇಬ್ಬರೂ ಒಟ್ಟಿಗೆ ಹೋಗಿ.

ಸಾಗರ ಪೇಟೆ

ಹಾಗಾದರೆ ಇಬ್ಬರಲ್ಲಿ ಒಬ್ಬರು ಹೋಗಿಬಿಟ್ಟರೆ? ಮಾವನವರು ತೀರಿಕೊಂಡಾಗ ಅತ್ತೆಯವರಿಗೆ ಮೆಚ್ಯೂರಿಟಿವರೆಗೆ ಕಾಯಿರಿ ಅಂದಿದ್ದರು. ಅದಕ್ಕೇ ಅವರ ಬಾಂಡು ಬಿದ್ದಿದ್ದು.

ಮೂರನೇ ಕೌಂಟರ್ (ಶಿವಮೊಗ್ಗ)

ಇಡುವಾಗಲೇ ಫಾರ್ಮಿನಲ್ಲಿ ಒಂದು ಒಪ್ಪಿಗೆ ಕೊಡುವ ಜಾಗ ಇರುತ್ತದೆ, ಒಬ್ಬರು ತೀರಿಕೊಂಡರೆ ಉಳಿದವರು ಅವಧಿಗೆ ಮುಂಚೆಯೂ ತೆಗೆಯಬಹುದು ಅಂತ. ಅದಕ್ಕೆ ಗುರುತು ಹಾಕಿದ್ದರೆ ಉಳಿದವರು ತೆಗೆಯಬಹುದು, ದಂಡವೂ ಇಲ್ಲ. ಗುರುತು ಹಾಕಿರದಿದ್ದರೆ ವಾರಸುದಾರರ ಒಪ್ಪಿಗೆ ಅಂತ ಓಡಾಟ ಶುರುವಾಗುತ್ತದೆ. ನಿಮ್ಮ ಅತ್ತೆಯವರಿಗೆ ಆಗಿದ್ದು ಅದೇ ಇರಬೇಕು. ಹಿನ್ನೀರಿನ ಮನೆ ತಂಗಿ, ನೀವು ಬ್ರಾಂಚಿಗೆ ಹೋಗುವ ದಿನ ಇದನ್ನೂ ಕೇಳಿ. ಇಬ್ಬರೂ ಇರುವಾಗ ಈಗಲೂ ಬರೆದುಕೊಡಬಹುದು.

ಹಿನ್ನೀರಿನ ಮನೆ (ಹೊಸನಗರ)

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ನಿನ್ನೆ ಇಬ್ಬರೂ ಬ್ರಾಂಚಿಗೆ ಹೋಗಿದ್ದೆವು.

ಮೊದಲು ದರದ ಪಟ್ಟಿ ಕೇಳಿದೆ. ಈಗಿನದ್ದು ಕೊಟ್ಟರು. ಇದಲ್ಲ, ನಾವು ಇಟ್ಟ ದಿನದ್ದು ಬೇಕು ಅಂದೆ. ಸ್ವಲ್ಪ ಹೊತ್ತು ಹುಡುಕಿ ತೋರಿಸಿದರು. ಸರ್ ಉದಾಹರಣೆಗೆ ಅಂತ ಹೇಳಿದ 6.80 ಸರಿಯಾಗಿ ಅದೇ ಇತ್ತು. ದಂಡ 1%. ಸಿಸ್ಟಮ್‌ನಲ್ಲಿ ನೋಡಿ ಮುರಿಸಿದರೆ 8,66,300ರ ಹತ್ತಿರ ಬರುತ್ತದೆ ಅಂದರು. ನಾನು 8,72,172 ಬರೆದುಕೊಂಡು ಹೋಗಿದ್ದೆ. ಯಾಕೆ ಕಡಿಮೆ ಅಂತ ಕೇಳಿದೆ. ಮಾರ್ಚಿನಲ್ಲಿ ಠೇವಣಿಯಿಂದ ಹೋದ ಟಿಡಿಎಸ್ಸೂ ಅದರ ಮೇಲಿನ ಬಡ್ಡಿಯೂ ಅಂತ ಲೆಕ್ಕ ಬಿಡಿಸಿ ತೋರಿಸಿದರು. ಮೊದಲ ಸಲ ಒಂದು ಅಂಕಿ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಯಿತು.

ಭಾಗ ಮುರಿಸುವುದು ಆ ಬ್ಯಾಂಕಿನಲ್ಲಿ ಇಲ್ಲ. ಸಾಲ ಇದೆ, 8%. ಠೇವಣಿಯ 90%ವರೆಗೆ ಕೊಡುತ್ತಾರಂತೆ. ಒಟ್ಟಿಗೆ 3 ಲಕ್ಷ ತೆಗೆಯಬೇಕಿಲ್ಲ, ಬೇಕಾದಾಗ ಬೇಕಾದಷ್ಟು ತೆಗೆದರೆ ತೆಗೆದ ದಿನದಿಂದ ಮಾತ್ರ ಬಡ್ಡಿ. ಮಾಡು ಕಟ್ಟುವವರಿಗೆ ಈಗ 80 ಸಾವಿರ ಕೊಟ್ಟರೆ ಸಾಕು, ಮಷೀನು ನವೆಂಬರ್‌ಗೆ. ಹಾಗಾಗಿ ಬಡ್ಡಿ 10,000ವೂ ಆಗುವುದಿಲ್ಲ.

ನಮ್ಮನೆಯವರ ಹೆಸರಿನಲ್ಲಿ 15ಜಿ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಂಡೆ. ಉಳಿದವರು ಮುಂಚೆ ತೆಗೆಯಬಹುದು ಅನ್ನುವ ಒಪ್ಪಿಗೆ ಬರೆದುಕೊಡುತ್ತೇವೆ ಅಂದಾಗ ಮಾತ್ರ, ಚಾಲ್ತಿಯಲ್ಲಿರುವ ಬಾಂಡಿಗೆ ಈಗ ಸೇರಿಸಲು ಆಗುವುದಿಲ್ಲ, ರಿನ್ಯೂ ಆಗುವಾಗ ನೋಡೋಣ ಅಂದರು. ಸರ್, ಇದು ಸರಿಯಾ?

ಮೂರನೇ ಕೌಂಟರ್ (ಶಿವಮೊಗ್ಗ)

ನನ್ನ ಕಾಲದಲ್ಲಿ ಇಬ್ಬರೂ ಸಹಿ ಮಾಡಿ ಪತ್ರ ಕೊಟ್ಟರೆ ತೆಗೆದುಕೊಳ್ಳುತ್ತಿದ್ದೆವು. ಬಾಯಿಮಾತಿಗೆ ಬಿಡಬೇಡಿ. ಒಂದು ಪತ್ರ ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಆಗದು ಅನ್ನುವುದಾದರೆ ಅದನ್ನು ಬರವಣಿಗೆಯಲ್ಲೇ ಕೊಡಲಿ.

ಕೊಪ್ಪದ ಮೇಷ್ಟ್ರು

ಲೆಕ್ಕದ ಪುಸ್ತಕದವರೇ, ಸೊಸೈಟಿಯಿಂದ ಎಂಟು ವರ್ಷದ ಬಡ್ಡಿ ಪ್ರಮಾಣಪತ್ರ ಕೇಳಿದ್ದೇನೆ. ಮುಂದಿನ ವಾರ ಕೊಡುತ್ತಾರೆ. ಬಂದ ಮೇಲೆ ತೀರ್ಥಹಳ್ಳಿಗೆ ಬರುತ್ತೇನೆ, ನಿಮ್ಮ ಆಫೀಸು ಶನಿವಾರ ತೆರೆದಿರುತ್ತದಾ?